ಸೀಕೆಂಟ್ ಸೂತ್ರ: ಸ್ಟ್ರೆಸ್ ಅರ್ಧಕ್ಕೆ ಇಳಿಸಿದ್ರೆ ಸೇಫ್ ಲೋಡ್ ಸಿಗುತ್ತಾ?

ಕಂಬದ_ಹುಡುಗ: 60 × 60 ಮಿಮೀ ಚೌಕ ಸ್ಟೀಲ್ ಪೈಪು, ದಪ್ಪ 4 ಮಿಮೀ. ಉದ್ದ 2.4 ಮೀಟರ್, ಎರಡೂ ತುದಿ ಪಿನ್. 60 ಕಿಲೋನ್ಯೂಟನ್ ಲೋಡು ಎರಡೂ ತುದಿಯಲ್ಲಿ ನಡುವಿನಿಂದ ಒಂದೇ ಕಡೆಗೆ 10 ಮಿಮೀ ಸರಿದು ಕೂರುತ್ತದೆ. ಗರಿಷ್ಠ ಸ್ಟ್ರೆಸ್ ನನಗೆ 105 ಮೆಗಾಪಾಸ್ಕಲ್ ಬಂತು, ಗೆಳೆಯನಿಗೆ 133. ಯೀಲ್ಡ್ 250, ಸೇಫ್ಟಿ ಫ್ಯಾಕ್ಟರ್ 2 ಬೇಕು. ಯಾರದ್ದು ಸರಿ? ಸೂತ್ರ ಇದು, ಇದರಲ್ಲಿ σ ಗರಿಷ್ಠ ಸ್ಟ್ರೆಸ್, P ಲೋಡು, A ಪೈಪಿನ ಅಡ್ಡಕೊಯ್ತದ ವಿಸ್ತೀರ್ಣ, e ಲೋಡು ನಡುವಿನಿಂದ ಸರಿದ ದೂರ ಅಂದ್ರೆ ಎಕ್ಸೆಂಟ್ರಿಸಿಟಿ, c ನಡುವಿನಿಂದ ಹೊರ ಅಂಚಿಗಿರೋ ದೂರ, r ಜೈರೇಷನ್ ತ್ರಿಜ್ಯ, Pcr ನಡುವೆ ಕೂತ ಲೋಡಿಗೆ ಕಂಬ ಬಕಲ್ ಆಗೋ ಮಿತಿ:

```
σ = (P/A)·[1 + (e·c/r²)·sec((π/2)·√(P/Pcr))]
```

ಹಳೆ_ಲೇತು: ಗೆಳೆಯನದ್ದು. ನಿಮ್ಮ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆ. ಒಳಗಿನ ಕೋನ 0.958 ರೇಡಿಯನ್, ಅದರ ಸೀಕೆಂಟ್ 1.74. ನೀವು 0.958 ಡಿಗ್ರಿ ಅಂತ ಹಾಕಿದ್ದಕ್ಕೆ 1 ಬಂದಿದೆ. ಅಂದ್ರೆ ಕಂಬ ಬಾಗೋದೇ ಲೆಕ್ಕದಿಂದ ಹೋಯ್ತು. ಸೀಕೆಂಟ್ ಒಂದರ ಹತ್ತಿರ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಪಟಪಟ: ಹೌದು, ರೇಡಿಯನ್. ಇನ್ನು ಸೇಫ್ ಲೋಡ್ ಸುಲಭ. 250ರಲ್ಲಿ ಅರ್ಧ 125. ಸ್ಟ್ರೆಸ್ 125 ಆಗೋ ಲೋಡ್ ಹುಡುಕಿ, 57 ಕಿಲೋನ್ಯೂಟನ್ ಬರುತ್ತೆ. ಮುಗೀತು.

ಹಳೆ_ಲೇತು: ಮುಗಿಯಲಿಲ್ಲ. 57ನ್ನು ಇಮ್ಮಡಿ ಮಾಡಿ 114 ಹಾಕಿ ನೋಡಿ. 250 ಅಲ್ಲ, ಸುಮಾರು 420 ಬರುತ್ತದೆ! ಲೋಡು ಜಾಸ್ತಿ ಆದಂತೆ ಕಂಬ ಬಾಗುತ್ತದೆ, ಬಾಗಿದಷ್ಟೂ ನಡುವಿನಲ್ಲಿ ಎಕ್ಸೆಂಟ್ರಿಸಿಟಿ ಬೆಳೆಯುತ್ತದೆ. ಹಾಗಾಗಿ ಸ್ಟ್ರೆಸ್ಸು ಲೋಡಿನ ಜೊತೆ ಸಮನಾಗಿ ಏರೋದಿಲ್ಲ. ಮೊದಲು ಸ್ಟ್ರೆಸ್ ಪೂರ್ತಿ 250 ಮುಟ್ಟುವ ಲೋಡ್ ಹುಡುಕಿ, ಆಮೇಲೆ ಆ ಲೋಡನ್ನು 2ರಿಂದ ಭಾಗಿಸಿ.

ಇಲ್ಲಿ A 896 ಚದರ ಮಿಮೀ, Pcr 161.3 ಕಿಲೋನ್ಯೂಟನ್, e·c/r² 0.571. P = 90 ಹಾಕಿದರೆ 248.6. 90.3 ಹಾಕಿದರೆ 250 ದಾಟುತ್ತದೆ. ಸೇಫ್ ಲೋಡ್ 45 ಕಿಲೋನ್ಯೂಟನ್. ನಿಮ್ಮ 60 ಆಗೋದಿಲ್ಲ. 57ಕ್ಕೂ ಫ್ಯಾಕ್ಟರ್ ಬರೀ 1.58.

ಕಂಬದ_ಹುಡುಗ: ಸೂತ್ರವನ್ನು P = ಅಂತ ತಿರುಗಿಸಿ, 60ರಿಂದ ಶುರು ಮಾಡಿ, ಬಂದ ಉತ್ತರವನ್ನೇ ಮತ್ತೆ ಹಾಕುತ್ತಿದ್ದೆ. 112 ಬಂತು, ಆಮೇಲೆ 69. ಜೋಕಾಲಿ ಆಡುತ್ತಿದೆ.

ಹಳೆ_ಲೇತು: ಕೊನೆಗೆ ನಿಲ್ಲುತ್ತದೆ, ಆದರೆ ತುಂಬಾ ನಿಧಾನ. ಎರಡರ ಸರಾಸರಿ ತೆಗೆದುಕೊಳ್ಳಿ, 91ರ ಹತ್ತಿರ ಬಂದುಬಿಡುತ್ತೀರಿ. ಅಲ್ಲಿಂದ ಕೈಯಲ್ಲೇ ಹಿಂದೆ ಮುಂದೆ ಮಾಡಿದರೆ ಸಾಕು.

ಚಾವಣಿ: ನನ್ನ ಕಂಬದ ಬುಡ ಕಾಂಕ್ರೀಟಿನಲ್ಲಿ ಹೂತಿದೆ, ಮೇಲ್ತುದಿ ಖಾಲಿ, ಲೋಡು ಅಲ್ಲೇ ಪಕ್ಕಕ್ಕೆ ಕೂತಿದೆ. ನನಗೂ 45 ಹಾಕಬಹುದಾ?

ಹಳೆ_ಲೇತು: ಬೇಡಪ್ಪಾ! ಸೂತ್ರ ನಿಮಗೂ ಸರಿಹೋಗುತ್ತದೆ, ಆದರೆ ಉದ್ದ ಇಮ್ಮಡಿ ಹಾಕಬೇಕು. ಆಗ ಇದೇ ಪೈಪಿನ Pcr ನಾಲ್ಕನೇ ಒಂದು ಭಾಗ, ಸುಮಾರು 40. ನೀವು ಕೇಳಿದ 45 ಅದಕ್ಕಿಂತ ಜಾಸ್ತಿ ಆಯ್ತು.

ಪಟಪಟ: ಬುಡ ಹೂತು, ಮೇಲೆ ಪಿನ್ ಇದ್ರೆ? 0.7 ಪಟ್ಟು ಉದ್ದ ಹಾಕಿದ್ರೆ ಆಯ್ತಲ್ವಾ?

ಹಳೆ_ಲೇತು: ಅದು ನನಗೆ ಒಪ್ಪಿಗೆ ಇಲ್ಲ. ಈ ಸೂತ್ರ ಎರಡೂ ತುದಿಯಲ್ಲಿ ಒಂದೇ e ಇದೆ ಅಂತ ನಂಬಿ ಬಂದದ್ದು. ಅಲ್ಲಿ ಬಾಗುವ ಆಕಾರವೇ ಬೇರೆ.

ಕಂಬದ_ಹುಡುಗ: 70 × 70 ಪೈಪು ಹಾಕಿ ಮತ್ತೆ ಲೆಕ್ಕ ಮಾಡ್ತೀನಿ. ಪೈಪಿಗೆ ಮೊದಲೇ ಒಂದಿಷ್ಟು ಬಾಗು ಇದ್ರೆ ಅದನ್ನೂ 10ಕ್ಕೆ ಸೇರಿಸಬೇಕಾ?