ಗ್ಯಾಸ್ ಆಟೋ ಲೆಕ್ಕ: ಮನೆ ಗುಂಪಿನಲ್ಲಿ ಜಗಳ

ಮಂಜಣ್ಣ: (ಫಾರ್ವರ್ಡ್) ಪೆಟ್ರೋಲ್ 103, ಗ್ಯಾಸ್ 62. ಗ್ಯಾಸ್ ಆಟೋದವರಿಗೆ ಲೀಟರಿಗೆ 41 ರೂಪಾಯಿ ಲಾಭ!

ಮಂಜಣ್ಣ: ನೋಡೋ ಸೀನ, ಆದರೂ ಕೈಯಲ್ಲಿ ಕಾಸಿಲ್ಲ ಅಂತೀಯ.

ಸೀನ: ಅಣ್ಣ, ಗಾಡಿ ಲೀಟರ್ ಲೆಕ್ಕದಲ್ಲಿ ಓಡಲ್ಲ, ಕಿಲೋಮೀಟರ್ ಲೆಕ್ಕದಲ್ಲಿ ಓಡುತ್ತೆ. ಲೀಟರ್ ಗ್ಯಾಸ್ ಲೀಟರ್ ಪೆಟ್ರೋಲಿಗಿಂತ ಹಗುರ. ಅದರಲ್ಲಿ ಕಸುವೂ ಕಮ್ಮಿ.

ಕಿರಣ: ಚಿಕ್ಕಪ್ಪ, ನನ್ನ ಫ್ರೆಂಡ್ ತನ್ನ ಆಟೋ ಗ್ಯಾಸಲ್ಲೇ ಲೀಟರಿಗೆ 28 ಕಿಲೋಮೀಟರ್ ಕೊಡುತ್ತೆ ಅಂತಾನೆ.

ಸೀನ: ಬೆಳಿಗ್ಗೆ ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ, ಸ್ವಿಚ್ ತಿರುಗಿಸೋದು ಮರೆತಿರುತ್ತಾನೆ. ಆ ಕಿಲೋಮೀಟರೂ ಗ್ಯಾಸ್ ಖಾತೆಗೆ ಸೇರಿರುತ್ತೆ. ಒಂದೇ ಸಲ ತುಂಬಿಸಿ ನೋಡಿದ್ರೂ ತಪ್ಪು. ಸಿಲಿಂಡರ್ 80 ಪರ್ಸೆಂಟ್‌ಗೆ ನಿಲ್ಲಬೇಕು, ಆದರೆ ಒಂದು ಸಲ ಬೇಗ ಕಟ್ ಆಗುತ್ತೆ, ಇನ್ನೊಂದು ಸಲ ತಡವಾಗಿ. ಹತ್ತು ಸಲದ್ದು ಕೂಡಿಸಬೇಕು.

ಸೀನ: ನಾನು ಕೂಡಿಸಿದೀನಿ. 22 ದಿನ, 2,640 ಕಿಲೋಮೀಟರ್, 120 ಲೀಟರ್. ಲೀಟರಿಗೆ 22. ಅಂದ್ರೆ ಕಿಲೋಮೀಟರಿಗೆ 2.82 ರೂಪಾಯಿ.

ಸುಧಾ ಅತ್ತೆ: ಪೆಟ್ರೋಲಿಗೆ?

ಸೀನ: ಮೊನ್ನೆ ಗ್ಯಾಸ್ ಕಿಟ್ ರಿಪೇರಿಗೆ ಬಂತಲ್ಲ ಅಕ್ಕ, ಆಗ ಒಂಬತ್ತು ದಿನ ಪೆಟ್ರೋಲಲ್ಲೇ ಓಡಿಸಿದೆ. ಟ್ಯಾಂಕ್ ಚಿಕ್ಕದು, ದಿನಕ್ಕೆ ಎರಡು ಸಲ ಎರಡೆರಡು ಲೀಟರ್. 36 ಲೀಟರಿಗೆ 1,044 ಕಿಲೋಮೀಟರ್. 29 ಬಂತು. ಕಿಲೋಮೀಟರಿಗೆ 3.55. ಅದೇ ಗಾಡಿ, ಅದೇ ಏರಿಯಾ.

ಮಂಜಣ್ಣ: ಹಂಗಾದ್ರೂ 73 ಪೈಸೆ ಉಳಿತಲ್ಲ!

ಸೀನ: ಗ್ಯಾಸ್ ಬಂಕ್ ಬೀದಿಗೊಂದಿಲ್ಲ ಅಣ್ಣ. ಹೋಗಿ ಬರೋಕೆ 8 ಕಿಲೋಮೀಟರ್ ಖಾಲಿ. ಹತ್ತು ಸಲಕ್ಕೆ 80. ದುಡಿಮೆಗೆ ಸಿಕ್ಕಿದ್ದು 2,560 ಕಿಲೋಮೀಟರ್ ಮಾತ್ರ. ಅಷ್ಟಕ್ಕೆ ಪೆಟ್ರೋಲ್ ಆದ್ರೆ 9,090 ಆಗೋದು, ಗ್ಯಾಸಿಗೆ 7,440 ಆಯ್ತು. ಉಳಿದಿದ್ದು 1,650. ಅದರಲ್ಲಿ ಕಿಟ್ ಫಿಲ್ಟರ್ ಮತ್ತು ಕ್ಲೀನಿಂಗ್‌ಗೆ 300, ಸ್ಟಾರ್ಟಿಂಗ್ ಪೆಟ್ರೋಲಿಗೆ 100 ಹೋಯ್ತು. ಕಿಲೋಮೀಟರಿಗೆ ಅರ್ಧ ರೂಪಾಯಿ ಅಷ್ಟೇ. ಸಾಲಲ್ಲಿ ನಿಂತ ಹೊತ್ತು ಲೆಕ್ಕಕ್ಕೆ ಹಿಡಿದಿಲ್ಲ.

ಕಿರಣ: ಹಾಗಾದ್ರೆ ಪೆಟ್ರೋಲಿಗೆ ಬನ್ನಿ.

ಸೀನ: ಯಾಕೋ? ತಿಂಗಳಿಗೆ ಸಾವಿರದ ಮೇಲೆ ಉಳಿಯೋದನ್ನ ಬಿಡೋಕಾಗುತ್ತಾ? 22ನ್ನು 29ರಿಂದ ಭಾಗಿಸು, 0.76. ಪೆಟ್ರೋಲ್ 103 ಇದ್ರೆ ಗ್ಯಾಸ್ 78 ದಾಟಿದಾಗ ಇಂಧನದಲ್ಲಿ ಉಳಿಯೋದು ಏನೂ ಇಲ್ಲ. ಓಡಾಟ, ಕಿಟ್ ಸೇರಿಸಿದ್ರೆ 72ರ ಹತ್ತಿರವೇ ಸಮ. ನಾನು ನೋಡೋದು ಆ ಗೆರೆನ. ಮೈಲೇಜ್ ಇದ್ದಕ್ಕಿದ್ದಂಗೆ 18ಕ್ಕೆ ಬಿದ್ರೆ ಅಂತೂ ಮೊದಲು ಏರ್ ಫಿಲ್ಟರ್, ಆಮೇಲೆ ಟ್ಯಾಪೆಟ್.

ಸುಧಾ ಅತ್ತೆ: ಮನೆ ಸಿಲಿಂಡರಿಂದ ತುಂಬಿಸ್ತಾರಂತಲ್ಲ, ಅಗ್ಗವಂತೆ?

ಸೀನ: ಅಕ್ಕ, ಅದು ಕಾನೂನಿಗೂ ವಿರುದ್ಧ, ಮೀಟರಿಲ್ಲದೆ ತುಂಬಿಸೋ ಕಡೆ ಒಂದು ಕಿಡಿ ಸಾಕು. ಗುಂಪಲ್ಲಿ ಆ ಮಾತು ಬೇಡ. ಗ್ಯಾಸ್ ಬಂಕ್ ಸಾಲಲ್ಲಿ ನನ್ನ ಮುಂದೆ ಮೂರೇ ಗಾಡಿ ಇದೆ, ಫೋನ್ ಒಳಗಿಡ್ತೀನಿ. ಇಲ್ಲಿ ಬಳಸಬಾರದು.