ಪದಚರ್ಚೆ: ಮುಚ್ಚಿದ ಕಣ್ಣಿಗೆ ಇನ್ನೊಂದು ಶಾಟ್‌ನ ಕಣ್ಣು – ಈ ಕೆಲಸಕ್ಕೆ ಏನನ್ನೋಣ?

ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಫೋಟೊ ತಿದ್ದುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಗ್ರೂಪ್ ಫೋಟೊ ತೆಗೆಯುವಾಗ ನಿಂತ ಜಾಗದಿಂದಲೇ ನಾಲ್ಕೈದು ಸಲ ಕ್ಲಿಕ್ ಮಾಡುತ್ತಾರೆ. ಒಂದರಲ್ಲಿ ಎಲ್ಲರೂ ಚೆನ್ನಾಗಿ ಬಂದಿರುತ್ತಾರೆ, ಒಬ್ಬರು ಮಾತ್ರ ಸರಿಯಾಗಿ ಆಗಲೇ ರೆಪ್ಪೆ ಬಡಿದಿರುತ್ತಾರೆ. ಇನ್ನೊಂದರಲ್ಲಿ ಅವರ ಕಣ್ಣು ತೆರೆದಿರುತ್ತದೆ. ಅದನ್ನು ತಂದು ಇದಕ್ಕೆ ಸೇರಿಸುತ್ತಾರೆ. ಈ ಕೆಲಸಕ್ಕೆ ಏನು ಹೆಸರು?

"ಕಣ್ಣು ಮುಚ್ಚಿದವರನ್ನು ಸರಿಪಡಿಸುವುದು" ಅನ್ನುವ ಹಾಗಿಲ್ಲ, ತೀರಿಕೊಂಡವರ ಸುದ್ದಿಯಾಗುತ್ತದೆ. "ಕಣ್ಣು ತೆರೆಸುವುದು" ಎಂದರೆ ಯಾರಿಗೋ ಬುದ್ಧಿ ಹೇಳಿದಂತೆ. "ಕಣ್ಣು ಬದಲಾವಣೆ" ಎಂದರೆ ಆಪರೇಷನ್ ಥಿಯೇಟರ್ ನೆನಪಾಗುತ್ತದೆ. ಜೊತೆಗೆ "ಇನ್ನೊಂದು ಫ್ರೇಮ್‌ನಿಂದ" ಎಂದು ಬರೆದರೆ ಗೋಡೆಗೆ ಹಾಕುವ ಕಟ್ಟು ಅಂದುಕೊಳ್ಳುವವರೂ ಇದ್ದಾರೆ. ಸದ್ಯಕ್ಕೆ "ಶಾಟ್" ಅಂತ ಇಟ್ಟುಕೊಂಡಿದ್ದೇನೆ.

ಹಳೇ ಸದಸ್ಯ:

ಇದಕ್ಕೆ ಇಷ್ಟು ತಲೆಬಿಸಿ ಯಾಕೆ? "ಕಣ್ಣು ಅಂಟಿಸುವುದು" ಅನ್ನಿ. ಒಂದು ಫೋಟೊದಿಂದ ಕಣ್ಣು ಕತ್ತರಿಸಿ ಇನ್ನೊಂದಕ್ಕೆ ಅಂಟಿಸುತ್ತಾರೆ, ಅಷ್ಟೇ. ಅಸಲಿಗೆ ಈ ಪದವೇ ಬೇಕಾಗದ ಹಾಗೂ ಮಾಡಬಹುದು. ಎಷ್ಟು ಜನ ನಿಂತಿದ್ದಾರೋ ಅದನ್ನು ಮೂರರಿಂದ ಭಾಗಿಸಿ, ಅಷ್ಟು ಫೋಟೊ ತೆಗೆಯಿರಿ. ಒಂದರಲ್ಲಾದರೂ ಎಲ್ಲರ ಕಣ್ಣೂ ತೆರೆದಿರುತ್ತದೆ. ಇದಕ್ಕೆ ಯಾರಿಗೋ ಬಹುಮಾನವೂ ಬಂದಿತ್ತು.

ತೋಟದವನು:

ನಮ್ಮಲ್ಲಿ "ಕಣ್ಣು ಕಸಿ" ಅನ್ನುವ ಪದ ಆಗಲೇ ಇದೆ. ಒಂದು ಗಿಡದ ಮೊಗ್ಗನ್ನು, ಅಂದರೆ ಕಣ್ಣನ್ನು, ಸುತ್ತಲಿನ ತೊಗಟೆಯ ಸಮೇತ ತೆಗೆದು ಇನ್ನೊಂದು ಗಿಡದ ತೊಗಟೆಯೊಳಗೆ ಕೂರಿಸಿ ಕಟ್ಟುತ್ತೇವೆ. ಬರೀ ಕಣ್ಣು ಕಿತ್ತರೆ ಹಿಡಿಯುವುದಿಲ್ಲ. ನಿಮ್ಮ ಫೋಟೊ ಕೆಲಸ ಹೇಗೋ ನನಗೆ ಗೊತ್ತಿಲ್ಲ, ಪದ ಬೇಕಾದರೆ ತೆಗೆದುಕೊಳ್ಳಿ.

ರೀಟಚ್ ಕೆಲಸದವನು:

ತೋಟದವರು ಗೊತ್ತಿಲ್ಲ ಅನ್ನುತ್ತಲೇ ಮುಖ್ಯ ವಿಷಯ ಹೇಳಿಬಿಟ್ಟರು. ಇಲ್ಲೂ ಬರೀ ಕಣ್ಣು ತಂದರೆ ಹಿಡಿಯುವುದಿಲ್ಲ. "ಅಂಟಿಸುವುದು" ನನಗೆ ಒಪ್ಪಿಗೆಯಾಗದಿರುವುದು ಅದಕ್ಕೇ. ಕಣ್ಣು ಮುಚ್ಚಿದಾಗ ಮೇಲಿನ ರೆಪ್ಪೆಯ ಮಡಿಕೆ ಮಾಯವಾಗುತ್ತದೆ, ಹುಬ್ಬು ಒಂಚೂರು ಇಳಿಯುತ್ತದೆ. ನಗುವಾಗ ಕೆನ್ನೆ ಮೇಲೆದ್ದು ಕೆಳಗಿನ ರೆಪ್ಪೆಯನ್ನು ಒತ್ತುತ್ತದೆ. ಗಂಭೀರವಾಗಿದ್ದ ಶಾಟ್‌ನಿಂದ ಕಣ್ಣು ಮಾತ್ರ ತಂದು ನಗುವ ಮುಖದಲ್ಲಿಟ್ಟರೆ, ಬಾಯಿ ನಗುತ್ತಿರುತ್ತದೆ, ಕಣ್ಣು ಗಾಬರಿಯಾಗಿರುತ್ತದೆ.

ಈಚೆಗೆ ಮಾಡಿದ ಒಂದು ಫೋಟೊ ಹೇಳುತ್ತೇನೆ. 12 ಜನ, ಐದು ಶಾಟ್. ಮೂರನೆಯದು ಎಲ್ಲಕ್ಕಿಂತ ಚೆನ್ನಾಗಿತ್ತು, ಆದರೆ ಎರಡನೇ ಸಾಲಿನಲ್ಲಿ ಕನ್ನಡಕ ಹಾಕಿದ್ದ ಒಬ್ಬ ಹೆಂಗಸಿನ ಕಣ್ಣು ಮುಚ್ಚಿತ್ತು. ಅದರ ಬೆನ್ನಿಗೇ ಬಂದ ನಾಲ್ಕನೆಯದರಲ್ಲಿ ಅರ್ಧ ಮಾತ್ರ ತೆರೆದಿತ್ತು. ರೆಪ್ಪೆ ಬಡಿದು ಮುಗಿಯಲು ಸೆಕೆಂಡಿನ ಹತ್ತರಲ್ಲಿ ಒಂದರಿಂದ ನಾಲ್ಕು ಪಾಲು ಬೇಕು. ಹಾಗಾಗಿ ಕ್ಯಾಮೆರಾ ಪಟಪಟನೆ ತೆಗೆದಾಗ ಪಕ್ಕದ ಶಾಟ್ ಎಷ್ಟೋ ಸಲ ಕೈಕೊಡುತ್ತದೆ. ಒಂದನೆಯದರಲ್ಲಿ ಕಣ್ಣು ತೆರೆದಿತ್ತು, ಆದರೆ ಮುಖ ಪಕ್ಕಕ್ಕೆ ತಿರುಗಿತ್ತು. ತಿರುಗಿದ ಮುಖದ ಕಣ್ಣು ನೇರ ಮುಖಕ್ಕೆ ಹೊಂದುವುದೇ ಇಲ್ಲ. ಐದನೆಯದರಲ್ಲಿ ತಲೆ ಒಂಚೂರು ವಾಲಿತ್ತು, ಅಷ್ಟೇ. ವಾಲಿದ್ದನ್ನು ತಿರುಗಿಸಿ ಸರಿಮಾಡಬಹುದು. ಅದನ್ನೇ ತೆಗೆದುಕೊಂಡೆ.

ಎರಡನ್ನೂ ಫೋಟೊಶಾಪ್‌ನಲ್ಲಿ ಒಂದೇ ಫೈಲಿನ ಲೇಯರ್‌ಗಳಾಗಿ ತೆರೆದು, ಎರಡನ್ನೂ ಆಯ್ದು `Edit > Auto-Align Layers` ಕೊಟ್ಟೆ. ಇದು ಒಟ್ಟು ಚಿತ್ರವನ್ನು ಹೊಂದಿಸುತ್ತದೆ, ಆಕೆಯ ತಲೆಯನ್ನಲ್ಲ. ಆದ್ದರಿಂದ ಮುಖದ ಭಾಗವನ್ನು ಬೇರೆ ಲೇಯರ್ ಮಾಡಿಕೊಂಡು, ಅರ್ಧ ಪಾರದರ್ಶಕವಾಗಿಸಿ, `Free Transform`ನಲ್ಲಿ ತಿರುಗಿಸುತ್ತಾ ಮೂಗಿನ ಪಕ್ಕದ ಎರಡು ಕಣ್ಣಂಚುಗಳು ಒಂದರ ಮೇಲೊಂದು ಕೂರುವಂತೆ ಮಾಡಿದೆ. ರೆಪ್ಪೆ ಹೇಗೇ ಬಡಿದರೂ ಆ ಎರಡು ಬಿಂದು ಹೆಚ್ಚುಕಡಿಮೆ ಕದಲುವುದಿಲ್ಲ. ಆಮೇಲೆ ಪಾರದರ್ಶಕತೆ ತೆಗೆದು, ಆ ಲೇಯರ್ ಪೂರ್ತಿ ಮರೆಯಾಗುವಂತೆ ಕಪ್ಪು ಮಾಸ್ಕ್ ಹಾಕಿ, ಮೆತ್ತನೆ ಅಂಚಿನ ಬಿಳಿ ಬ್ರಷ್‌ನಲ್ಲಿ ಹುಬ್ಬಿನ ಮೇಲಿಂದ ಕೆನ್ನೆಯ ನಡುವಿನವರೆಗೆ ತೆರೆದೆ. ಕನ್ನಡಕವನ್ನು ಪೂರ್ತಿಯಾಗಿ ಹೊಸದರಿಂದಲೇ ತಂದೆ. ಬೆಸುಗೆ ಕನ್ನಡಕದ ಮಧ್ಯೆ ಹಾದುಹೋದರೆ ಒಂದು ಗಾಜಿಗೆ ಎರಡು ಅಂಚು ಕಾಣುತ್ತದೆ.

ಐದನೇ ಶಾಟ್ ಸ್ವಲ್ಪ ಕಪ್ಪಾಗಿತ್ತು. ಫ್ಲ್ಯಾಶ್ ಪೂರ್ತಿ ಚಾರ್ಜ್ ಆಗುವ ಮೊದಲೇ ಕ್ಲಿಕ್ ಮಾಡಿದರೆ ಹೀಗಾಗುತ್ತದೆ. ತಂದ ತುಂಡಿಗೆ ಮಾತ್ರ ತಗಲುವಂತೆ ಒಂದು `Curves` ಹಾಕಿದೆ. ಕೊನೆಗೆ ನೋಡಬೇಕಾದದ್ದು ಕಣ್ಣಗುಡ್ಡೆಯ ಮೇಲಿನ ಬೆಳಕಿನ ಚುಕ್ಕಿ. ಅಕ್ಕಪಕ್ಕದವರಿಗೆ ಬಲಕ್ಕಿದ್ದು ಈಕೆಗೆ ಎಡಕ್ಕಿದ್ದರೆ ಮುಗೀತು, ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಇಡೀ ಚಿತ್ರವನ್ನು ಎಡಬಲ ತಿರುಗಿಸಿ ಒಮ್ಮೆ ನೋಡಿ. ನೋಡಿ ನೋಡಿ ಪಳಗಿದ ಕಣ್ಣಿಗೆ ತಪ್ಪಿಸಿಕೊಂಡದ್ದು ಆಗ ಸಿಗುತ್ತದೆ.

ಮೂರರಿಂದ ಭಾಗಿಸುವ ಲೆಕ್ಕ ಅರ್ಧ ಸರಿ. ಅದು ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಅವರದು. 2006ರಲ್ಲಿ ಅದಕ್ಕೆ ಗಣಿತದ ಇಗ್ ನೊಬೆಲ್ ಬಂತು, ಅಂದರೆ ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ. ಆದರೆ ಮೂರರಿಂದ ಭಾಗಿಸುವುದು ಬೆಳಕು ಚೆನ್ನಾಗಿದ್ದಾಗ. ಬೆಳಕು ಕಡಿಮೆಯಿದ್ದರೆ ಎರಡರಿಂದ. ಅದೂ 20ಕ್ಕಿಂತ ಕಡಿಮೆ ಜನರಿದ್ದಾಗ. ಕಡಿಮೆ ಬೆಳಕಿನಲ್ಲಿ ನಿಂತಿದ್ದ ನನ್ನ 12 ಜನಕ್ಕೆ ಆರು ಬೇಕಿತ್ತು, ತೆಗೆದವರು ಐದಕ್ಕೆ ನಿಲ್ಲಿಸಿದ್ದರು. ಆರು ತೆಗೆದರೂ ಖಾತರಿಯೇನಲ್ಲ. ಕಣ್ಣು ತೆರೆದಿರುವ ಆ ಒಂದರಲ್ಲಿ ಇನ್ಯಾರೋ ಮೂಗು ಉಜ್ಜುತ್ತಿರಬಹುದು.

ಹೊಸ ಸದಸ್ಯೆ:

ನನ್ನ ಹತ್ತಿರ ಅಜ್ಜಿಯ ಹಳೆಯ ಫೋಟೊ ಇದೆ. ಕಣ್ಣು ಮುಚ್ಚಿದೆ. ಇರುವುದು ಒಂದೇ ಪ್ರತಿ. ಅವರ ಬೇರೆ ಫೋಟೊದ ಕಣ್ಣು ಹಾಕಿದರೆ ಆಗುತ್ತಾ ಸರ್? ಅದಕ್ಕೂ ಇದೇ ಪದ ಅಲ್ವಾ?

ರೀಟಚ್ ಕೆಲಸದವನು:

ಹಾಕಬಹುದು ಮೇಡಂ, ಆದರೆ ಅದು ಬೇರೆ ಕೆಲಸ. ಒಂದೇ ಸರಣಿಯಲ್ಲಾದರೆ ಬೆಳಕು, ದೂರ, ಲೆನ್ಸ್ ಎಲ್ಲ ಒಂದೇ ಇರುತ್ತದೆ. ಬೇರೆ ದಿನದ ಫೋಟೊದಲ್ಲಿ ಬೆಳಕು ಬೇರೆ ಕಡೆಯಿಂದ ಬಿದ್ದಿರುತ್ತದೆ, ವಯಸ್ಸೂ ಬೇರೆ. ಬೆಳಕಿನ ದಿಕ್ಕು ಮತ್ತು ಮುಖದ ಕೋನ ಎರಡೂ ಹತ್ತಿರವಿದ್ದರೆ ಮಾತ್ರ ಪ್ರಯತ್ನಿಸಿ. ನಾನಾದರೆ ಹಾಗೇ ಬಿಡುತ್ತಿದ್ದೆ.

ಹಳೇ ಸದಸ್ಯ:

ಎರಡರಿಂದ ಭಾಗಿಸುವ ಭಾಗ ನನಗೆ ಗೊತ್ತಿರಲಿಲ್ಲ. ಪದದ ವಿಷಯಕ್ಕೆ ಬಂದರೆ, ಸುತ್ತಲಿನ ಚರ್ಮವೂ ಬರುತ್ತದೆ ಅನ್ನುವುದಾದರೆ "ತೇಪೆ ಹಾಕುವುದು" ಸರಿಯಲ್ವಾ?

ಅನುವಾದಕಿ:

ತೇಪೆ ಅಂದರೆ ಕಾಣುವಂಥದ್ದು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. "ತೇಪೆ ಹಚ್ಚಿದ ಕೆಲಸ" ಎಂದು ಬೈಯುತ್ತೇವೆ. ಇಲ್ಲಿ ಕಾಣದಿರುವುದೇ ಕೆಲಸ. "ಕಣ್ಣು ಕಸಿ" ನನಗೆ ತುಂಬ ಇಷ್ಟವಾಯಿತು, ಆದರೆ ತೋಟದ ಪರಿಚಯವಿಲ್ಲದವರಿಗೆ ಮತ್ತೆ ಆಸ್ಪತ್ರೆಯೇ ನೆನಪಾಗುತ್ತದೆ. ತಲೆಬರಹಕ್ಕೆ "ಇನ್ನೊಂದು ಶಾಟ್‌ನ ಕಣ್ಣು ಕೂರಿಸುವುದು" ಅಂತ ಇಡುತ್ತೇನೆ.

ಒಂದು ಬಾಕಿ ಇದೆ. ಮುಖವೇ ತಿರುಗಿದ್ದರೆ ಇಡೀ ತಲೆಯನ್ನೇ ತರುತ್ತಾರಂತೆ. "ತಲೆ ಕೂರಿಸುವುದು" ಅಂತ ಬರೆಯಲು ಕೈ ಬರುತ್ತಿಲ್ಲ.

ರೀಟಚ್ ಕೆಲಸದವನು:

ನಾವು ಕೆಲಸದಲ್ಲಿ "ತಲೆ ಚೇಂಜ್" ಅಂತೀವಿ. ಅದನ್ನು ಅಚ್ಚು ಹಾಕಿಸಬೇಡಿ.

ತೋಟದವನು:

ಕಣ್ಣು ಕಸಿಗೆ ನನ್ನ ಓಟು ಇನ್ನೂ ಇದೆ.