ಲೆಕ್ಕ 2 ಮಿ.ಮೀ. ಅಂತೈತಿ, ಡಯಲ್ 10 ತೋರಿಸ್ತೈತಿ: ಫೋಮ್ ಹಲಗೆಯ ಶೀಟಿಗೆ ಎಷ್ಟು ಸ್ಟ್ರೆಸ್, ಫೋಮಿಗೆ ಎಷ್ಟು ಶಿಯರ್?

ಕೇಳಿದವರು (ಬಾಗಲಕೋಟೆ, ಫ್ಯಾಬ್ರಿಕೇಷನ್): ಶೆಡ್ಡಿನ ಮೇಲೆ ಸೋಲಾರ್ ಪ್ಯಾನೆಲ್ ತೊಳೆಯೋವಾಗ ನಿಲ್ಲಾಕ ಹಗುರ ಹಲಗೆ ಮಾಡೀವಿ. ಮೇಲೆ-ಕೆಳಗೆ 1 ಮಿ.ಮೀ. ಅಲ್ಯೂಮಿನಿಯಂ ಶೀಟ್, ನಡುವೆ 40 ಮಿ.ಮೀ. ಪಿಯು ಫೋಮ್, ಅಗಲ 300, ಆಧಾರದಿಂದ ಆಧಾರಕ್ಕೆ 1200. ನಟ್ಟನಡುವೆ 100 ಕೆಜಿ ಇಟ್ರ ಲೆಕ್ಕದಾಗ 2 ಮಿ.ಮೀ. ಬಾಗಬೇಕು, ಡಯಲ್ ಗೇಜ್ 10 ತೋರಿಸ್ತೈತಿ. ಅಂದ್ರ ಶೀಟಿನ ಸ್ಟ್ರೆಸ್ಸೂ ಐದು ಪಟ್ಟು ಆತೇನ್ರಿ? ಫೋಮ್ ಹರೀತೈತೇನು?

ಉದ್ಯಮಬಾಗ, ಬೆಳಗಾವಿ (ಡಿಸೈನ್ ಕೆಲಸ): ಇಲ್ರಿ, ಸ್ಟ್ರೆಸ್ ಐದು ಪಟ್ಟು ಆಗಿಲ್ಲ. ಅದು ಭಾರ ಮತ್ತು ಅಂತರದಿಂದ ಬರ್ತದ, ಹಲಗೆ ಎಷ್ಟು ಬಾಗಿತು ಅನ್ನೋದರಿಂದ ಅಲ್ಲ. 100 ಕೆಜಿಗೆ ಸುಲಭಕ್ಕೆ 1000 ನ್ಯೂಟನ್ ಹಿಡಿಯೋಣ. ನಡುವಿನ ಬೆಂಡಿಂಗ್ ಮೊಮೆಂಟ್ 1000 × 1200 / 4, ಅಂದರೆ 3,00,000 ನ್ಯೂಟನ್-ಮಿ.ಮೀ.

ಹಲಗೆಯನ್ನು ಅಲ್ಲೇ ಅಡ್ಡ ಕೊಯ್ದು ನೋಡಿದಂಗ ಊಹಿಸ್ಕೊಳ್ರಿ. ಮೇಲಿನ ಶೀಟ್ ಒತ್ತಿಸಿಕೊಳ್ತದ, ಕೆಳಗಿನದು ಎಳೆಸಿಕೊಳ್ತದ. ಎರಡೂ ಶೀಟಿನ ಮಧ್ಯದಿಂದ ಮಧ್ಯಕ್ಕೆ 41 ಮಿ.ಮೀ. ಮೊಮೆಂಟನ್ನು 41ರಿಂದ ಭಾಗಿಸಿದರೆ ಪ್ರತಿ ಶೀಟಿನಲ್ಲಿ ಸುಮಾರು 7300 ನ್ಯೂಟನ್ ಬಲ. ಶೀಟಿನ ಅಡ್ಡಕೊಯ್ತ 300 × 1, ಅಂದರೆ 300 ಚದರ ಮಿ.ಮೀ. ಸ್ಟ್ರೆಸ್ 24 ಮೆಗಾಪ್ಯಾಸ್ಕಲ್ ಆತು. ಫೋಮಿನ ಶಿಯರ್‌ಗೆ ಆಧಾರದ ಹತ್ತಿರದ ಅರ್ಧ ಭಾರ, 500 ನ್ಯೂಟನ್ ತಗೊಳ್ರಿ. 300 × 41ರಿಂದ ಭಾಗಿಸಿದರೆ 0.041 ಮೆಗಾಪ್ಯಾಸ್ಕಲ್.

```
skin = M / (b*t*d)
core = V / (b*d)
```

ಇಲ್ಲಿ `t` ಒಂದು ಶೀಟಿನ ದಪ್ಪ, `d` ಶೀಟಿನ ಮಧ್ಯದಿಂದ ಮಧ್ಯಕ್ಕೆ ಇರೋ ಅಂತರ. ಹಲಗೆಯ ಒಟ್ಟು ದಪ್ಪ 42 ಹಾಕಬ್ಯಾಡ್ರಿ. ನಿಮ್ಮ ಹಲಗೆಗೆ ವ್ಯತ್ಯಾಸ ಸಣ್ಣದು, ಆದರ ಶೀಟ್ ದಪ್ಪ ಆದಂಗ ತಪ್ಪೂ ಬೆಳೀತದ.

ಅನುಮಾನ ಇದ್ದರ ಕೆಳಗಿನ ಶೀಟಿನ ನಡುವೆ ಒಂದು ಸ್ಟ್ರೇನ್ ಗೇಜ್ ಅಂಟಿಸಿ ನೋಡ್ರಿ. ಸುಮಾರು 350 ಮೈಕ್ರೋಸ್ಟ್ರೇನ್ ಬರಬೇಕು. ನೀವು ಹೆದರಿದಂಗ ಐದು ಪಟ್ಟು ಇದ್ದಿದ್ದರ 1700ರ ಮ್ಯಾಲೆ ಬರ್ತಿತ್ತು.

ಜಮಖಂಡಿ (ಬಾಡಿ ಬಿಲ್ಡಿಂಗ್): ನನಗನಿಸೋ ಪ್ರಕಾರ ಅಂಟು ಬಿಟ್ಟೈತ್ರಿ. ಫೋಮ್ ಕೊಯ್ದ ಮ್ಯಾಲೆ ಧೂಳು ಒರೆಸದs ಅಂಟಿಸಿದ್ರ, ಇಲ್ಲಾ ಶೀಟಿನ ಎಣ್ಣಿ ತೆಗೀದಿದ್ರ ಹಿಂಗs ಆಗ್ತೈತಿ. ಶೀಟ್ ಉಜ್ಜಿ, ಥಿನ್ನರ್‌ನಿಂದ ಒರೆಸಿ ಮತ್ತೊಮ್ಮೆ ಅಂಟಿಸ್ರಿ. ಇನ್ನೊಂದು, ಫೋಮ್ ಬದಲು ಥರ್ಮೋಕೋಲ್ ಹಾಕಿದ್ದರ ಟಾಲ್ವಿನ್ ಇರೋ ರಬ್ಬರ್ ಅಂಟು ಹಚ್ಚಬ್ಯಾಡ್ರಿ, ಥರ್ಮೋಕೋಲ್ ಕರಗಿ ಒಳಗ ಟೊಳ್ಳು ಬೀಳ್ತೈತಿ.

ಕೇಳಿದವರು: ಪಿಯು ಫೋಮೇ ರೀ. ನಾಣ್ಯದಿಂದ ಬಡದು ನೋಡೀನಿ, ಎಲ್ಲಾ ಕಡೆ ಒಂದs ಸಪ್ಪಳ. 50 ಕೆಜಿಗೆ 5 ಮಿ.ಮೀ., 100ಕ್ಕ 10. ಭಾರ ತೆಗೆದ ಕೂಡಲೇ ಮುಳ್ಳು ಸೊನ್ನೆಗೆ ಬರ್ತೈತಿ.

ಉದ್ಯಮಬಾಗ, ಬೆಳಗಾವಿ: ಹಂಗಾದರ ಅಂಟು ಗಟ್ಟಿ ಐತಿ. ಬಿಟ್ಟ ಜಾಗ ಇದ್ದಿದ್ದರ ಬಡಿದಾಗ ಪೊಳ್ಳು ಸಪ್ಪಳ ಬರ್ತಿತ್ತು, ಭಾರ ಏರಿದಂಗ ಬಾಗು ಒಂದೇ ಸಮ ಏರ್ತಿರಲಿಲ್ಲ, ಮುಳ್ಳೂ ಸೊನ್ನೆಗೆ ಬರ್ತಿರಲಿಲ್ಲ. ಜಮಖಂಡಿಯವರು ಹೇಳಿದ ಒರೆಸೋ ಕೆಲಸ ಮಾತ್ರ ಎಂದೂ ಬಿಡಬಾರದು. ಅಂಟಿನ ಮೇಲೂ ಅದೇ 0.041 ಶಿಯರ್ ಬೀಳ್ತದ. ಅಂಥ ಬಲವಾದ ಅಂಟು ಬೇಕಿಲ್ಲ, ಎಲ್ಲೂ ಬಿಡದೆ ಹಚ್ಚಿರಬೇಕು.

ನಿಮ್ಮ 8 ಮಿ.ಮೀ. ಎಲ್ಲಿಂದ ಬಂತು ಅಂದರ, ಫೋಮ್ ಶಿಯರ್‌ನಿಂದ ಓರೆ ಆಗಿದ್ದಕ್ಕ. ಕಬ್ಬಿಣದ ತೊಲೆಯ ಲೆಕ್ಕದಾಗ ಇದು ಇಷ್ಟು ಸಣ್ಣದು ಅಂದರ ಯಾರೂ ಬರೆಯೋದೇ ಇಲ್ಲ. ನಿಮ್ಮ ಲೆಕ್ಕದಾಗೂ ಅದೇ ಬಿಟ್ಟೈತಿ.

```
w = P*L^3/(48*D) + P*L/(4*S)
D = E*b*t*d^2/2
S = G*b*d^2/c
```

ಅಲ್ಯೂಮಿನಿಯಂಗೆ `E` 70000 ಹಾಕಿದರೆ ಮೊದಲ ಭಾಗ 2.04 ಮಿ.ಮೀ. ಇದು ನೀವು ಹಾಕಿದ ಲೆಕ್ಕ. `c` ಫೋಮಿನ ದಪ್ಪ 40. ಫೋಮಿನ ಶಿಯರ್ ಮಾಡ್ಯುಲಸ್ `G` 3 ಮೆಗಾಪ್ಯಾಸ್ಕಲ್ ಅಂತ ಇಟ್ಟುಕೊಂಡರೆ ಎರಡನೇ ಭಾಗ 7.93 ಮಿ.ಮೀ. ಒಟ್ಟು 10. ಅಂದರ ನಿಮ್ಮ ಡಯಲ್ ಸುಳ್ಳು ಹೇಳ್ತಿಲ್ಲ, ಫೋಮಿನ `G` 3ರ ಆಸುಪಾಸು ಐತಿ ಅಂತ ಹೇಳ್ತೈತಿ.

ಇದನ್ನ ಖಾತ್ರಿ ಮಾಡ್ಕೊಳ್ಳಾಕ ಆಧಾರಗಳನ್ನ 600ಕ್ಕೆ ತಂದು ಅದೇ 100 ಕೆಜಿ ಇಡ್ರಿ. ಬರೀ ಬೆಂಡಿಂಗ್ ಆಗಿದ್ದರ ಬಾಗು ಎಂಟನೇ ಒಂದು ಭಾಗಕ್ಕೆ, 1.25ಕ್ಕೆ ಇಳೀಬೇಕು. ಬರೀ ಶಿಯರ್ ಆಗಿದ್ದರ ಅರ್ಧ, 5. ನಿಮಗ 4.2ರ ಹತ್ತಿರ ಬಂದೀತು.

ಕಣ್ಣಿಗೂ ಕಾಣೋ ಹಂಗ ಮಾಡಬಹುದು. ಹಲಗೆಯ ಪಕ್ಕದಾಗ ಫೋಮ್ ಬಯಲಿಗೆ ಐತಲ್ಲ, ಅಲ್ಲಿ ಟ್ರೈ ಸ್ಕ್ವೇರ್ ಇಟ್ಟು ಪೆನ್ನಿನಿಂದ ಶೀಟಿನಿಂದ ಶೀಟಿಗೆ ನೆಟ್ಟಗೆ ಐದಾರು ಗೆರೆ ಎಳೀರಿ. ಭಾರ ಇಟ್ಟ ಮ್ಯಾಲೆ ಮತ್ತ ಸ್ಕ್ವೇರ್ ಹಿಡೀರಿ. ಆಧಾರ ಮತ್ತು ಭಾರದ ನಡುವಿನ ಗೆರೆಗಳು 40 ಮಿ.ಮೀ. ಎತ್ತರದಾಗ ಅರ್ಧ ಮಿ.ಮೀ. ಓರೆ ಕಾಣ್ತಾವ. ಭಾರದ ನೇರ ಕೆಳಗಿನ ಗೆರೆ ನೆಟ್ಟಗೇ ಇರ್ತೈತಿ, ಯಾಕಂದರ ಎರಡೂ ಕಡೆಯ ಓರೆ ಅಲ್ಲಿ ದಿಕ್ಕು ಬದಲಿಸ್ತೈತಿ.

ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ: ಸರ್, ಆಯತಾಕಾರದ ಸೆಕ್ಷನ್‌ಗೆ ಶಿಯರ್ `1.5*V/A` ಅಲ್ವಾ? ಹಾಗೆ ಹಾಕಿದರೆ 0.06 ಬರುತ್ತೆ. `6*M/(b*h^2)` ಹಾಕಿದರೆ ಸ್ಟ್ರೆಸ್ 3.4 ಮಾತ್ರ. ನೀವು 24 ಅಂದಿದ್ದೀರಿ.

ಉದ್ಯಮಬಾಗ, ಬೆಳಗಾವಿ: ನಿಮ್ಮ ಸೂತ್ರ ಸಾಗವಾನಿ ಹಲಗೆಗೆ ಸರಿ. ಅಲ್ಲಿ ಮೇಲಿನಿಂದ ಕೆಳಗಿನ ತನಕ ಪ್ರತಿ ಪದರವೂ ಬೆಂಡಿಂಗ್ ಹೊರ್ತದ, ಆದ್ದರಿಂದ ಶಿಯರ್ ಪದರ ಪದರಕ್ಕೆ ಸೇರುತ್ತಾ ನಡುವೆ ಹೆಚ್ಚಾಗ್ತದ. 1.5 ಬರೋದು ಅಲ್ಲಿಂದ. ಈ ಫೋಮಿನ `E` 7ರ ಆಸುಪಾಸು ಅಂತ ಹಿಡಿದರೆ ಅಲ್ಯೂಮಿನಿಯಂನ ಹತ್ತು ಸಾವಿರದಲ್ಲಿ ಒಂದು ಪಾಲು. ಬೆಂಡಿಂಗ್‌ನಲ್ಲಿ ಫೋಮಿನ ಪಾಲು ನೂರಕ್ಕೆ 0.1ಕ್ಕೂ ಕಡಿಮೆ. ಶಿಯರ್ ಪೂರ್ತಿ ಆ 1 ಮಿ.ಮೀ. ಶೀಟಿನೊಳಗೇ ಸೇರಿಬಿಡ್ತದ, ಫೋಮಿನ 40 ಮಿ.ಮೀ. ಉದ್ದಕ್ಕೂ ಒಂದೇ ಸಮ ಇರ್ತದ.

ನಿಮ್ಮ 0.06 ತಪ್ಪಾದರೂ ಹೆಚ್ಚಿನ ಕಡೆ ತಪ್ಪು, ಅಪಾಯ ಇಲ್ಲ. 3.4 ಹಂಗಲ್ಲ. ನಿಜಕ್ಕಿಂತ ಏಳು ಪಟ್ಟು ಕಡಿಮೆ ತೋರಿಸಿ ಮೋಸ ಮಾಡ್ತದ. ನಡುವೆ ಫೋಮ್ ಬದಲು ಪ್ಲೈವುಡ್ ಇದ್ದರ ಮಾತ್ರ ನನ್ನ ಸೂತ್ರವೂ ನಡೆಯೋದಿಲ್ಲ, ಅದು ಬೆಂಡಿಂಗ್‌ನಾಗ ದೊಡ್ಡ ಪಾಲು ಹೊರ್ತದ.

ತಿಕೋಟಾ, ವಿಜಯಪುರ (ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್): ನಮ್ಮದೂ ಇಂಥಾದ್ದೇ ಅದರಿ. 80 ಮಿ.ಮೀ. ಪಫ್ ಪ್ಯಾನೆಲ್, ಎರಡೂ ಕಡೆ ಕಬ್ಬಿಣದ ತೆಳು ಶೀಟ್, 4 ಮೀಟರ್ ಉದ್ದ. ಮ್ಯಾಲೆ ಭಾರ ಏನೂ ಇಲ್ಲ, ಆದ್ರೂ ಬ್ಯಾಸಗ್ಯಾಗ ಬಿಸಲ ಕಡಿ ಉಬ್ಬತಾವ. ಇದೂ ಶಿಯರ್‌ನಿಂದೇ ಏನ್ರಿ?

ಉದ್ಯಮಬಾಗ, ಬೆಳಗಾವಿ: ನಿಮ್ಮದು ಬೇರೆ ವಿಷಯ, ಅದು ಬಿಸಿಲಿನ ಬಾಗು. ಹೊರಗಿನ ಶೀಟ್ ಒಳಗಿನದಕ್ಕಿಂತ 40 ಡಿಗ್ರಿ ಹೆಚ್ಚು ಬಿಸಿ ಇದ್ದರ ಹೊರಗಿನದು ಉದ್ದ ಆಗ್ತದ, ಒಳಗಿನದು ಆಗೋದಿಲ್ಲ. 4 ಮೀಟರ್‌ಗೆ 12 ಮಿ.ಮೀ. ಹತ್ತಿರ ಉಬ್ಬತದ. ಎರಡು ತುದಿಯಲ್ಲಷ್ಟೇ ಹಿಡಿದಿದ್ದರ ಇದರಿಂದ ಸ್ಟ್ರೆಸ್ ಬರೋದಿಲ್ಲ. ನಡುವಿನ ಪರ್ಲಿನ್‌ಗೂ ಸ್ಕ್ರೂ ಹಾಕಿ ಬಿಗಿದಿದ್ದರ ಬರ್ತದ. ಅಲ್ಲಿ ಶೀಟ್ ನಿರಿಗೆ ಬಿದ್ದದೇನು ನೋಡ್ರಿ.

ನಿರಿಗೆ ಮಾತು ಬಾಗಲಕೋಟೆಯವರಿಗೂ ಬೇಕು. ನಿಮ್ಮ ಮೇಲಿನ ಶೀಟ್ ಅಲ್ಯೂಮಿನಿಯಂ ಸೋಲೋ ಮೊದಲೇ ಸೋಲ್ತದ. ಮೆತ್ತಗಿನ ಫೋಮಿನ ಮೇಲೆ ಒತ್ತಿಸಿಕೊಂಡ ತೆಳು ಶೀಟ್ ಸಣ್ಣ ಅಲೆ ಅಲೆಯಾಗಿ ಏಳ್ತದ. ಆ ಮಿತಿ ಸುಮಾರು:

```
0.5 * (E * Ec * G)^(1/3)
```

`Ec` ಅಂದರ ಫೋಮಿನ `E`. 70000, 7 ಮತ್ತು 3 ಹಾಕಿದರೆ 57 ಮೆಗಾಪ್ಯಾಸ್ಕಲ್. ನಿಮ್ಮಲ್ಲಿ 24 ಐತಿ, ಅಂದರ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಮಾತ್ರ ಅಂತರ. ಮನುಷ್ಯ ಧಪ್ಪಂತ ಕಾಲಿಟ್ಟರ ಭಾರ ಎರಡು ಪಟ್ಟಾಗೋದು ಸುಲಭ. ಭಾರ ಇಟ್ಟಾಗ ಮೇಲಿನ ಶೀಟಿನಾಗ ಟ್ಯೂಬ್‌ಲೈಟಿನ ಬಿಂಬ ನೋಡ್ರಿ. ನೆಟ್ಟಗಿದ್ದ ಬಿಂಬ ಹಾವಿನಂಗ ಡೊಂಕಾದರ ತಕ್ಷಣ ಭಾರ ಇಳಿಸ್ರಿ.

ಜಮಖಂಡಿ: ಹಂಗಾದ್ರ ಶೀಟ್ 2 ಮಿ.ಮೀ. ಹಾಕಿದ್ರ ಎಲ್ಲಾ ಸರಿ ಆತಲ್ರಿ?

ಉದ್ಯಮಬಾಗ, ಬೆಳಗಾವಿ: ಸ್ಟ್ರೆಸ್ ಅರ್ಧ ಆಗ್ತದ, ನಿರಿಗೆ ಭಯ ತಗ್ಗತದ. ಆದರ ಬಾಗು 10ರಿಂದ 8.5ಕ್ಕೆ ಮಾತ್ರ ಇಳೀತದ, ಹಲಗೆ ಭಾರ ಆಗ್ತದ. ಅದೇ 1 ಮಿ.ಮೀ. ಶೀಟಿಟ್ಟು ಫೋಮ್ 60 ಮಿ.ಮೀ. ಮಾಡಿದರ 6.3. ದಪ್ಪ 40ನ್ನೇ ಇಟ್ಟು `G` 12 ಇರೋ ಹೆಚ್ಚು ಸಾಂದ್ರತೆಯ ಫೋಮ್ ಹಾಕಿದರ 4ಕ್ಕ ಬರ್ತದ, ನಿರಿಗೆಯ ಮಿತಿಯೂ ಏರ್ತದ. ನಾನಾದರ ದುಡ್ಡು ಫೋಮಿಗೇ ಹಾಕ್ತೀನಿ.

ಫೋಮ್ ಹರಿಯೋ ಪ್ರಶ್ನೆಗೆ, ನಿಮ್ಮ ಫೋಮಿನ ಕಾಗದದಾಗ ಶಿಯರ್ ಸ್ಟ್ರೆಂತ್ ನೋಡ್ರಿ. 0.15 ಅಂತಿದ್ದರ 0.041ಕ್ಕ ಮೂರೂವರೆ ಪಟ್ಟು ಅಂತರ ಐತಿ. ಹರಿದರ ಆಧಾರ ಮತ್ತು ಭಾರದ ನಡುವೆ ಫೋಮಿನಾಗ 45 ಡಿಗ್ರಿ ಓರೆ ಬಿರುಕು ಕಾಣ್ತದ. ಅದಕ್ಕಿಂತ ಮೊದಲು ತೊಂದರೆ ಕೊಡೋದು ಆಧಾರ. ದುಂಡು ಪೈಪಿನ ಮೇಲೆ ಇಟ್ಟೀರೇನು?

ಕೇಳಿದವರು: ಹೌದ್ರಿ, ಒಂದಿಂಚಿನ ಪೈಪ್. ಕೆಳಗಿನ ಶೀಟಿನಾಗ ಅಲ್ಲಿ ಸಣ್ಣ ತಗ್ಗು ಬಿದ್ದೈತಿ.

ಉದ್ಯಮಬಾಗ, ಬೆಳಗಾವಿ: ಪೈಪ್ ತಾಗೋದು ಹೆಚ್ಚಂದರ 5 ಮಿ.ಮೀ. ಅಗಲ. 500 ನ್ಯೂಟನ್ನನ್ನು 300 × 5ರಿಂದ ಭಾಗಿಸಿದರ ಫೋಮಿನ ಮೇಲೆ 0.33 ಒತ್ತು ಬೀಳ್ತದ, ಇಂಥ ಹಗುರ ಫೋಮ್ ಅಷ್ಟು ತಡೆಯೋದು ಕಷ್ಟ. ಅಲ್ಲಿ 40 ಮಿ.ಮೀ. ಅಗಲದ ಪಟ್ಟಿ ಹಾಕಿದರ 0.04ಕ್ಕ ಇಳೀತದ. ತುದಿಯ ಆ ಜಾಗದಾಗ ಫೋಮ್ ತೆಗೆದು ಕಟ್ಟಿಗೆ ತುಂಡು ಅಂಟಿಸಿದರ ಇನ್ನೂ ಒಳ್ಳೇದು. ಡಯಲ್‌ನ ಓದಿನಾಗ ಆ ತಗ್ಗಿನ ಪಾಲೂ ಸೇರಿರಬಹುದು, ಪಟ್ಟಿ ಹಾಕಿ ಮತ್ತೊಮ್ಮೆ ಅಳೀರಿ. ಆಮೇಲೆ `G`ದ ಮಾತು.

ತಿಕೋಟಾ, ವಿಜಯಪುರ: ನಮ್ಮ ಪ್ಯಾನೆಲ್ ಮ್ಯಾಲೆ ಕೂಲಿಂಗ್ ಯೂನಿಟ್ ಇಡಬೇಕಂತ ಅದರಿ. ವರ್ಷಾನುಗಟ್ಲೆ ಅಲ್ಲೇ ಇರ್ತದ. ಇದs ಲೆಕ್ಕ ನಡೀತದೇನು?

ಉದ್ಯಮಬಾಗ, ಬೆಳಗಾವಿ: ಸ್ಟ್ರೆಸ್‌ಗೆ ನಡೀತದ, ಬಾಗಿಗೆ ಇಲ್ಲ. ಸದಾ ಭಾರ ಹೊತ್ತ ಫೋಮ್ ದಿನಾ ಸ್ವಲ್ಪ ಸ್ವಲ್ಪ ಜಗ್ಗತದ. `G`ವನ್ನು ಅರ್ಧ ಹಿಡೀರಿ ಅಂತ ಕೆಲವರು ಅಂತಾರ. ಆದರ ಫೋಮಿನಿಂದ ಫೋಮಿಗೆ ಅದು ಬೇರೆ, ಬಿಸಿಲಿನಾಗ ಇನ್ನೂ ಜಾಸ್ತಿ. ಪ್ಯಾನೆಲ್ ಕೊಟ್ಟವರ ಹತ್ತಿರ ಕ್ರೀಪ್ ಅಂಕಿ ಕೇಳ್ರಿ. ಅದು ಸಿಗೋ ತನಕ ಯೂನಿಟ್ಟಿಗೆ ಕೆಳಗಿಂದ ಬೇರೆ ಫ್ರೇಮ್ ಕೊಡ್ರಿ.